ಸೋಲುವವರ ಕೈಯಲ್ಲಿ ಗೆಲುವಿನ ಕೀಲಿಕೈ

ನಾಲ್ವರು ಕಟಾನ್ ಆಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಜರ್ಮನಿಯ ಕ್ಲಾಸ್ ಟೊಯ್ಬರ್ ರೂಪಿಸಿದ ಈ ಬೋರ್ಡ್ ಗೇಮ್ 1995ರಲ್ಲಿ ಹೊರಬಂತು. ಅದೇ ವರ್ಷ ಅಲ್ಲಿನ ‘ವರ್ಷದ ಆಟ’ ಪ್ರಶಸ್ತಿಯನ್ನೂ ಪಡೆಯಿತು. ಹತ್ತು ಅಂಕ ಮೊದಲು ಮುಟ್ಟಿದವರದು ಗೆಲುವು. ಆಟ ಕೊನೆಗೆ ಬಂದಿದೆ. ಕೆಂಪು ಕಾಯಿಯವನಿಗೆ 9 ಅಂಕ, ನೀಲಿಯವಳಿಗೆ 8, ಬಿಳಿಯವನಿಗೆ 6, ಕಿತ್ತಳೆಯವಳಿಗೆ 4. ಕೆಂಪಿನವನ ಕೈಯಲ್ಲಿ ಮೂರು ಅದಿರು, ಎರಡು ಗೋಧಿ, ಒಟ್ಟು ಐದೇ ಕಾರ್ಡು. ಒಂದು ಊರನ್ನು ಪಟ್ಟಣ ಮಾಡಲು ಬೇಕಾಗುವುದು ಸರಿಯಾಗಿ ಅಷ್ಟೇ. ಅದಾದರೆ ಅವನಿಗೆ ಹತ್ತು. ನೀಲಿಯವಳ ಕೈಯಲ್ಲಿ ಒಂದು ಇಟ್ಟಿಗೆ, ಒಂದು ಮರ. ಅಂದರೆ ಒಂದು ರಸ್ತೆ. ಆ ರಸ್ತೆ ಹಾಕಿದರೆ ‘ಅತಿ ಉದ್ದದ ರಸ್ತೆ’ಯ ಎರಡು ಅಂಕ ಬಿಳಿಯವನಿಂದ ಕಿತ್ತು ಅವಳಿಗೆ ಬರುತ್ತದೆ. ಅವಳಿಗೂ ಹತ್ತು.

ಈಗ ದಾಳ ಕಿತ್ತಳೆಯವಳ ಕೈಯಲ್ಲಿದೆ, ಏಳು ಬೀಳುತ್ತದೆ. ಏಳು ಬಿದ್ದವರು ಕಳ್ಳನ ಕಾಯಿಯನ್ನು ಎತ್ತಿ ಬೇರೆ ಜಾಗದಲ್ಲಿಡಬೇಕು. ಆ ಜಾಗದ ಅಂಚಿನಲ್ಲಿ ಮನೆಯಿರುವ ಒಬ್ಬರಿಂದ ನೋಡದೆ ಒಂದು ಕಾರ್ಡು ಎಳೆಯಬೇಕು. ಅವಳ ನಂತರ ಕೆಂಪಿನವನ ಸರದಿ, ಆಮೇಲೆ ನೀಲಿಯವಳದು. ಕೆಂಪಿನವನಿಂದ ಯಾವ ಕಾರ್ಡು ಎಳೆದರೂ ಅವನ ಪಟ್ಟಣ ನಿಂತಿತು. ತನ್ನ ಸರದಿಯಲ್ಲಿ ಅವನು ಕೊರತೆ ತುಂಬಿಕೊಳ್ಳದಿದ್ದರೆ ನೀಲಿಯವಳು ಗೆಲ್ಲುತ್ತಾಳೆ. ನೀಲಿಯವಳಿಂದ ಎಳೆದರೆ ಕೆಂಪಿನವನು ಗೆಲ್ಲುತ್ತಾನೆ. ಯಾರ ಗೊಡವೆಯೂ ಬೇಡವೆಂದು ಕಳ್ಳನನ್ನು ಬಿಳಿಯವನ ಹೊಲಕ್ಕೆ ಕಳಿಸಿದರೂ ಕೆಂಪಿನವನೇ ಗೆಲ್ಲುತ್ತಾನೆ. ಅವಳು ಮಾತ್ರ ಯಾವ ದಾರಿಯಲ್ಲೂ ಗೆಲ್ಲುವುದಿಲ್ಲ. ಗೆಲ್ಲಲಾರದವಳು ಗೆಲ್ಲುವವರನ್ನು ಆರಿಸಬೇಕಾಗಿದೆ, ಆರಿಸದೆ ಇರುವುದೂ ಇಲ್ಲಿ ಒಂದು ಆಯ್ಕೆಯೇ. ಚುನಾವಣೆಯ ಸುದ್ದಿಯಲ್ಲಿ ನಮಗೆ ಪರಿಚಿತವಾದ ‘ಕಿಂಗ್‌ಮೇಕರ್’ ಎಂಬ ಪದವನ್ನು ಆಟಗಾರರೂ ಇಂಥ ಸಂದರ್ಭಕ್ಕೇ ಬಳಸುತ್ತಾರೆ.

ಇದರ ಜೊತೆಯಲ್ಲೇ ಹೇಳಬೇಕಾದ ಇನ್ನೊಂದು ತೊಂದರೆಯಿದೆ: ಬೇಗ ಮುಂದೆ ಹೋದವರು ಮತ್ತೆ ಯಾರ ಕೈಗೂ ಸಿಗದಿರುವುದು. ಕಟಾನ್‌ನಲ್ಲಿ ಊರು ಒಂದು ಪಾಲು ಕೊಟ್ಟರೆ ಪಟ್ಟಣ ಎರಡು ಪಾಲು ಕೊಡುತ್ತದೆ. ಜಾಗಗಳು ಒಂದೇ ಗುಣದವು ಎಂದುಕೊಂಡರೆ, ಎರಡು ಪಟ್ಟಣ ಮತ್ತು ಎರಡು ಊರು ಇರುವವರ ಆದಾಯ ಎರಡೇ ಊರು ಇರುವವರ ಮೂರು ಪಟ್ಟು. ಆ ಆದಾಯ ಮತ್ತೆ ಊರು, ಪಟ್ಟಣವಾಗುತ್ತದೆ. ಆಟ ಇನ್ನೂ ಅರ್ಧಕ್ಕೆ ಬಂದಿರುತ್ತದೆ, ಫಲಿತಾಂಶ ಎಲ್ಲರಿಗೂ ಗೊತ್ತಾಗಿರುತ್ತದೆ. ಉಳಿದ ಹೊತ್ತು ಮೂವರು ದಾಳ ಎಸೆಯುವುದು ಬರೀ ಮರ್ಯಾದೆಗೆ.

ಈ ಎರಡು ತೊಂದರೆಗಳನ್ನು ಬೇರೆ ಬೇರೆ ಎಂದು ಕಾಣುವುದು ರೂಢಿ. ಆದರೆ ಅವುಗಳ ಚಿಕಿತ್ಸೆಯ ವಿಷಯದಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯ ಹುಟ್ಟುವುದೇ ಅವೆರಡೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ. ಮುಂದಿರುವವರನ್ನು ಹಿಡಿದು ನಿಲ್ಲಿಸುವ ಅಧಿಕಾರವನ್ನು ಉಳಿದವರಿಗೆ ಕೊಟ್ಟರೆ ಮೊದಲ ತೊಂದರೆ ಹೆಚ್ಚುತ್ತದೆ. ಆ ಅಧಿಕಾರವನ್ನು ಕಿತ್ತುಕೊಂಡರೆ ಎರಡನೆಯದು. ಹಾಗಾಗಿ ವಾದ ನಡೆಯುವುದು ಮುಖ್ಯವಾಗಿ ಒಂದು ಪ್ರಶ್ನೆಯ ಸುತ್ತ: ಮುಂದಿರುವವರಿಗೆ ಕಡಿವಾಣ ಹಾಕುವ ಕೆಲಸ ಯಾರದು? ಮೇಜಿನ ಸುತ್ತ ಕೂತವರದೋ, ನಿಯಮದ ಪುಸ್ತಕದ್ದೋ?

ಆಟಗಾರರಿಗೇ ಬಿಡಬೇಕೆನ್ನುವವರ ವಾದವನ್ನು ಮೊದಲು ನೋಡೋಣ. ಅವರ ಪ್ರಕಾರ, ಮೂವರು ನಾಲ್ವರು ತಮತಮಗಾಗಿ ಆಡುವ ಆಟದಲ್ಲಿ ಸಮತೋಲ ತಾನಾಗಿ ಹುಟ್ಟಿಕೊಳ್ಳುತ್ತದೆ. ಒಬ್ಬರು ಮುಂದೆ ಹೋದ ಕೂಡಲೇ ಉಳಿದವರು ಅವರೊಡನೆ ವಿನಿಮಯ ನಿಲ್ಲಿಸುತ್ತಾರೆ. ಆಗ ಆ ಒಬ್ಬರು ನಾಲ್ಕು ಕಾರ್ಡು ಕೊಟ್ಟು ಬ್ಯಾಂಕಿನಿಂದ ಒಂದು ಪಡೆಯಬೇಕಾಗುತ್ತದೆ. ಬಂದರು ಇದ್ದರೆ ಮೂರಕ್ಕೋ ಎರಡಕ್ಕೋ ಒಂದು ಸಿಗುತ್ತದೆ. ಏಳು ಬಿದ್ದಾಗಲೆಲ್ಲ ಕಳ್ಳ ಅವರ ಒಳ್ಳೆಯ ಜಾಗಕ್ಕೇ ಬರುತ್ತಾನೆ. ಎರಡು ದಾಳಗಳ 36 ಸಾಧ್ಯತೆಗಳಲ್ಲಿ ಆರು ಏಳನ್ನೇ ಕೊಡುವುದರಿಂದ ಇದು ಅಪರೂಪದ ಸಂಗತಿಯೂ ಅಲ್ಲ. ಈ ಕಡಿವಾಣದ ಹಿರಿಮೆ ಅದರ ನಯದಲ್ಲಿದೆ. ಯಾರು ನಿಜವಾಗಿ ಮುಂದಿದ್ದಾರೆ ಎಂಬುದನ್ನು ಅಂಕದ ಪಟ್ಟಿಗಿಂತ ಆಟಗಾರರ ಕಣ್ಣು ಚೆನ್ನಾಗಿ ತೂಗುತ್ತದೆ. ಐದು ಅಂಕದವರ ಊರುಗಳು ಒಳ್ಳೆಯ ಜಾಗದಲ್ಲಿದ್ದು, ಆರು ಅಂಕದವರಿಗೆ ಬೆಳೆಯಲು ಜಾಗವೇ ಇಲ್ಲದಿದ್ದರೆ ಅಪಾಯ ಯಾರಿಂದ ಎಂಬುದು ನಿಯಮಕ್ಕೆ ತಿಳಿಯದು, ಎದುರಾಳಿಗಳಿಗೆ ತಿಳಿಯುತ್ತದೆ.

ಇದಕ್ಕೆ ನಮ್ಮ ಮನೆಯ ಅನುಭವವೂ ಸಾಕ್ಷಿ ನುಡಿಯಬಹುದು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿದೆ. ಮೂರು ಕಾಯಿ ಹಣ್ಣು ಮಾಡಿಕೊಂಡು ನಾಲ್ಕನೆಯದನ್ನು ತರುತ್ತಿರುವವರ ಬೆನ್ನು ಹತ್ತಲು ಉಳಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕವಡೆ ಬಿದ್ದ ಎಣಿಕೆಗೆ ಇಬ್ಬರ ಕಾಯಿ ಸಿಗುವಂತಿದ್ದರೆ, ಯಾವುದನ್ನು ಹೊಡೆಯಬೇಕೆಂದು ಮೂರು ಬಾಯಿಗಳು ಒಟ್ಟಿಗೆ ಸಲಹೆ ಕೊಡುತ್ತವೆ. ಆಟದ ಸುಖದಲ್ಲಿ ಆ ಗದ್ದಲದ ಪಾಲೂ ಇದೆ.

ಎದುರು ವಾದವೂ ಅಷ್ಟೇ ಗಟ್ಟಿಯಾದದ್ದು. ಆಟಗಾರರು ಹಾಕುವ ಕಡಿವಾಣಕ್ಕೆ ಯಾರಾದರೊಬ್ಬರು ಬೆಲೆ ತೆರಬೇಕಾಗುತ್ತದೆ. ಮೂವರು ಸೇರಿ ಒಬ್ಬರನ್ನು ತಡೆಯಬೇಕಾದಾಗ, ತಡೆಯುವ ಖರ್ಚು ಒಬ್ಬರ ಮೇಲೆ ಬಿದ್ದು ಲಾಭ ಮೂವರಿಗೂ ಹಂಚಿಹೋಗುತ್ತದೆ. ಆದ್ದರಿಂದ ‘ನೀವು ತಡೆಯಿರಿ, ನಾನು ನನ್ನ ಊರು ಕಟ್ಟಿಕೊಳ್ಳುತ್ತೇನೆ’ ಎಂದು ಪ್ರತಿಯೊಬ್ಬರೂ ಕಾಯುವುದು ತರ್ಕಬದ್ಧವೇ. ಹೀಗೆ ಕಾಯುವುದರಲ್ಲೇ ಮುಂದಾಳು ಕೈತಪ್ಪುತ್ತಾರೆ. ಮಿಗಿಲಾಗಿ, ಯಾರು ಅಪಾಯಕಾರಿ ಎಂಬ ನಿರ್ಣಯದಲ್ಲಿ ಆಟದ ಹೊರಗಿನ ಸಂಗತಿಗಳು ನುಸುಳುತ್ತವೆ. ಹೋದ ಸಲ ಗೆದ್ದವರು, ಜೋರಾಗಿ ಮಾತನಾಡುವವರು, ಗಂಡ, ನಾದಿನಿ, ಕಚೇರಿಯ ಮೇಲಧಿಕಾರಿ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಕಿತ್ತಳೆಯವಳು ಕೆಂಪಿನವನಿಂದ ಕಾರ್ಡು ಎಳೆದರೆ ಅದು ಮೂರು ಸುತ್ತಿನ ಹಿಂದೆ ಅವನು ತನ್ನ ದಾರಿಗೆ ಅಡ್ಡವಾಗಿ ಊರು ಕಟ್ಟಿದ್ದ ಸಿಟ್ಟಿಗೋ, ಯೋಚಿಸಿಯೋ? ಅವಳಿಗೇ ಸ್ಪಷ್ಟವಿರಲಾರದು. ಒಂದೂವರೆ ಗಂಟೆ ಜಾಣತನದಿಂದ ಆಡಿದವನ ಸೋಲು ಗೆಲುವು ಆ ಅಸ್ಪಷ್ಟತೆಯಲ್ಲಿ ತೀರ್ಮಾನವಾಗುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಈ ಆಕ್ಷೇಪಣೆಯನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿವಾಣವನ್ನು ನಿಯಮದೊಳಗೇ ಹೊಲಿದರು. ಅದರ ಒಳ್ಳೆಯ ಮಾದರಿ ಜರ್ಮನಿಯವರೇ ಆದ ಫ್ರೀಡೆಮನ್ ಫ್ರೀಸೆ ಅವರ ‘ಪವರ್ ಗ್ರಿಡ್’. ಇಂದು ಚಾಲ್ತಿಯಲ್ಲಿರುವ ರೂಪದಲ್ಲಿ ಅದು ಬಂದದ್ದು 2004ರಲ್ಲಿ. ಆಟಗಾರರು ವಿದ್ಯುತ್ ಕಂಪನಿಗಳ ಒಡೆಯರು. ಸ್ಥಾವರಗಳನ್ನು ಹರಾಜಿನಲ್ಲಿ ಕೊಂಡು, ಇಂಧನ ಖರೀದಿಸಿ, ನಗರಗಳಿಗೆ ತಂತಿ ಎಳೆದು, ದೀಪ ಬೆಳಗಿಸಿದಷ್ಟು ಹಣ ಎಣಿಸಿಕೊಳ್ಳುತ್ತಾರೆ. ಹೆಚ್ಚು ನಗರ ಇರುವವರು ಸರದಿಯಲ್ಲಿ ಮೊದಲು. ಆದರೆ ಮೊದಲ ಸ್ಥಾನ ಇಲ್ಲಿ ವರವಲ್ಲ. ಹರಾಜನ್ನು ಅವರು ಶುರುಮಾಡಬೇಕು. ಇಂಧನ ಕೊಳ್ಳುವಾಗಲೂ ನಗರ ಸೇರಿಸುವಾಗಲೂ ಸರದಿ ತಿರುವುಮುರುವಾಗಿ, ಅವರ ಪಾಳಿ ಕಟ್ಟಕಡೆಗೆ ಬರುತ್ತದೆ.

ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಇದರ ಕೈಚಳಕ ತಿಳಿಯುತ್ತದೆ. ಕಲ್ಲಿದ್ದಲ ಮಾರುಕಟ್ಟೆ ತುಂಬಿರುವಾಗ ಒಂದು ಎಲೆಕ್ಟ್ರೋ ಬೆಲೆಗೆ ಮೂರು ತುಂಡು, ಎರಡಕ್ಕೆ ಮೂರು, ಮೂರಕ್ಕೆ ಮೂರು, ಹೀಗೆ ಎಂಟರವರೆಗೆ. ನಾಲ್ವರಿಗೂ ಮೂರು ಮೂರು ತುಂಡು ಬೇಕು ಎನ್ನೋಣ. ಹಿಂದಿರುವವರು ಮೊದಲು ಕೊಂಡು 3 ಎಲೆಕ್ಟ್ರೋ ಕೊಡುತ್ತಾರೆ, ಮುಂದಿನವರು 6, ಆಮೇಲಿನವರು 9, ಮುಂದಾಳು ಅದೇ ಮೂರು ತುಂಡಿಗೆ 12. ಆದಾಯದ ಪಟ್ಟಿಯೂ ಹಾಗೆಯೇ ಬಾಗಿದೆ. ಒಂದು ನಗರ ಬೆಳಗಿಸಿದರೆ 22, ಎರಡು ಬೆಳಗಿಸಿದರೆ 33. ಎರಡನೆಯ ನಗರ ತಂದದ್ದು 11. ಆದರೆ ಹದಿನಾರಕ್ಕೆ 138, ಹದಿನೇಳಕ್ಕೆ 142. ಆ ಹದಿನೇಳನೆಯ ನಗರ ತಂದದ್ದು ನಾಲ್ಕೇ ಎಲೆಕ್ಟ್ರೋ. ಕಟಾನ್‌ನಲ್ಲಿ ಬೆಳವಣಿಗೆ ಬೆಳವಣಿಗೆಯನ್ನು ಹೆರುತ್ತದೆ. ಇಲ್ಲಿ ಅದು ಮೆಲ್ಲಗೆ ಬತ್ತುತ್ತ ಹೋಗುತ್ತದೆ. ಯಾರೂ ಯಾರ ಮೇಲೂ ಕಳ್ಳನನ್ನು ಬಿಡಬೇಕಾಗಿಲ್ಲ, ಯಾರ ಮುಖವೂ ಕೆಡಬೇಕಾಗಿಲ್ಲ.

ಆದರೆ ಈ ವ್ಯವಸ್ಥೆಗೂ ಅದರದೇ ಬೆಲೆಯಿದೆ, ಅದನ್ನು ಎತ್ತಿ ತೋರಿಸುವವರು ಕೇವಲ ತಕರಾರು ತೆಗೆಯುತ್ತಿಲ್ಲ. ಹಿಂದೆ ಇರುವುದು ಅಗ್ಗವಾದರೆ ಜಾಣರು ಬೇಕೆಂದೇ ಹಿಂದೆ ಇರುತ್ತಾರೆ. ಪವರ್ ಗ್ರಿಡ್‌ನಲ್ಲಿ ಪಳಗಿದವರು ಕೈಯಲ್ಲಿ ಹಣವಿದ್ದೂ ಒಂದು ನಗರ ಕಡಿಮೆ ಕಟ್ಟುವುದು ಸಾಮಾನ್ಯ. ನಗರಗಳು ಸಮವಾದಾಗ ದೊಡ್ಡ ಸಂಖ್ಯೆಯ ಸ್ಥಾವರ ಇರುವವರು ಮುಂದೆಂದು ಲೆಕ್ಕವಾಗುವುದರಿಂದ, ಅದನ್ನೂ ಗಣಿಸಿ ಹೆಜ್ಜೆಯಿಡುತ್ತಾರೆ. ನಾಲ್ವರ ಆಟ ಯಾರಾದರೂ ಹದಿನೇಳು ನಗರ ಮುಟ್ಟಿದ ಸುತ್ತಿನಲ್ಲಿ ಮುಗಿಯುತ್ತದೆ. ಆ ಸುತ್ತಿನಲ್ಲಿ ಹೆಚ್ಚು ನಗರ ಬೆಳಗಿಸಿದವರಿಗೆ ಗೆಲುವು. ಹಾಗಾಗಿ ಎಲ್ಲರೂ ತೆವಳುತ್ತ ಬಂದು ಕೊನೆಯ ಸುತ್ತಿನಲ್ಲಿ ಒಮ್ಮೆಲೇ ನೆಗೆಯುವುದು ಒಂದು ತಂತ್ರವಾಗುತ್ತದೆ. ಮುಂದೆ ಓಡುವುದು ತಪ್ಪಾಗಿರುವ ಓಟವನ್ನು ಓಟ ಎನ್ನಬಹುದೇ ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟ. ಚೆನ್ನಾಗಿ ಆಡಿದ್ದಕ್ಕೆ ದಂಡ ಕಟ್ಟಿಸಿಕೊಂಡಂತೆ ಹೊಸಬರಿಗೆ ಅನ್ನಿಸುವುದೂ ಸುಳ್ಳಲ್ಲ.

ಇನ್ನೂ ಸೂಕ್ಷ್ಮವಾದ ಕುಂದೊಂದಿದೆ. ಕಿಂಗ್‌ಮೇಕಿಂಗ್ ಇಲ್ಲಿ ಪೂರ್ತಿ ಅಳಿದಿಲ್ಲ, ಹಿಂಬಾಗಿಲಿನಿಂದ ಬರುತ್ತದೆ. ಸ್ಥಾವರವೊಂದು ತನಗೆ ಬೇಕಾದ ಇಂಧನದ ಎರಡರಷ್ಟನ್ನು ದಾಸ್ತಾನು ಇಡಬಹುದು. ಕೊನೆಯ ಸುತ್ತಿನಲ್ಲಿ, ಗೆಲ್ಲುವ ಆಸೆ ಬಿಟ್ಟವರು ಮೂರು ತುಂಡು ಸಾಕಾಗುವ ಸ್ಥಾವರಕ್ಕೆ ಆರು ತುಂಡು ಕೊಂಡರೆ, ಹೆಚ್ಚಿನ ಮೂರು ಎಂದೂ ಉರಿಯುವುದಿಲ್ಲ. ಆದರೆ ಕಡೆಯಲ್ಲಿ ಕೊಳ್ಳಬೇಕಾದ ಮುಂದಾಳಿಗೆ ಅಷ್ಟು ಕಲ್ಲಿದ್ದಲು ಸಿಗದೆ ಒಂದೆರಡು ನಗರ ಕತ್ತಲಾಗಬಹುದು, ಗೆಲುವು ಇನ್ನೊಬ್ಬರಿಗೆ ಹೋಗಬಹುದು. ಹಿಂದಿರುವವರ ನೆರವಿಗೆಂದು ತಿರುವಿದ ಸರದಿಯೇ ಮುಂದಾಳನ್ನು ಅವರ ಕೃಪೆಗೆ ಒಪ್ಪಿಸುತ್ತದೆ.

ಅಂಕವನ್ನು ಮುಚ್ಚಿಡುವುದು ಮೂರನೆಯ ಉಪಾಯ. ಯಾರು ಮುಂದಿದ್ದಾರೆಂದು ಗೊತ್ತಿಲ್ಲದಿದ್ದರೆ ಯಾರನ್ನು ರಾಜ ಮಾಡುವುದು? ಕಟಾನ್‌ನ 25 ಅಭಿವೃದ್ಧಿ ಕಾರ್ಡುಗಳಲ್ಲಿ ಐದು ಗುಪ್ತ ಅಂಕಗಳಿರುವುದರ ಹಿಂದೆ ಈ ವಿವೇಕವಿದೆ. ಆಂಡ್ರೆಯಾಸ್ ಸೇಫಾರ್ತ್ ಅವರ ‘ಪೋರ್ಟೊ ರಿಕೊ’ದಲ್ಲಿ ಗಳಿಸಿದ ಅಂಕದ ಬಿಲ್ಲೆಗಳನ್ನು ಮಗುಚಿಡುತ್ತಾರೆ. ಆಕ್ಷೇಪಣೆ ಬರುವುದು ಈ ಎರಡನೆಯ ಬಗೆಯ ಮೇಲೆ. ಬಿಲ್ಲೆ ಎಲ್ಲರ ಕಣ್ಣೆದುರೇ ಬಂದದ್ದು. ನೆನಪಿಟ್ಟವರಿಗೆ ಅದು ಗುಟ್ಟೇ ಅಲ್ಲ. ಹೀಗೆ ಮುಚ್ಚಿದಾಗ ಆಟದ ಜಾಣ್ಮೆ ನೆನಪಿನ ಶಕ್ತಿಗೆ ಇಳಿಯುತ್ತದೆ ಎನ್ನುವವರಿದ್ದಾರೆ. ಬೆರಳೆಣಿಕೆಯ ಲೆಕ್ಕಾಚಾರ ತಪ್ಪಿ ಆಟ ಬೇಗ ಸಾಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ನಿಜವಿರಬಹುದು, ಯಾವುದು ಹೆಚ್ಚೆಂಬುದು ಮೇಜಿನ ಸುತ್ತ ಕೂತವರ ಸ್ವಭಾವವನ್ನು ಅವಲಂಬಿಸಿದೆ.

ಇಷ್ಟಕ್ಕೂ ಕಿಂಗ್‌ಮೇಕಿಂಗ್ ಒಂದು ದೋಷವೇ ಎಂದು ಬೇರಿಗೇ ಕೈಹಾಕುವವರನ್ನು ಬಿಟ್ಟುಬಿಟ್ಟರೆ ಈ ತೂಗಾಟ ಒಮ್ಮುಖವಾದೀತು. ‘ರೂಟ್’ ಆಟದ ಕರ್ತೃ ಕೋಲ್ ವೆರ್ಲ್ ಇದನ್ನು ಬಹಿರಂಗವಾಗಿಯೇ ಸಮರ್ಥಿಸಿದ್ದಾರೆ. ಈ ಪಂಥದ ವಾದದ ಸಾರ ಇಷ್ಟು: ಇಬ್ಬರಿಗಿಂತ ಹೆಚ್ಚು ಜನ ಪರಸ್ಪರ ಮುಟ್ಟುವ ಯಾವ ಆಟದಲ್ಲೂ ಒಬ್ಬರ ನಡೆ ಇನ್ನಿಬ್ಬರ ನಡುವಿನ ಅಂತರವನ್ನು ಬದಲಿಸಿಯೇ ತೀರುತ್ತದೆ. ಕೊನೆಯ ನಡೆಯಲ್ಲಿ ಅದು ಎದ್ದು ಕಾಣುತ್ತದೆ ಅಷ್ಟೆ. ಮೂರನೆಯ ಸುತ್ತಿನ ಒಂದು ವಿನಿಮಯವೂ ಅದನ್ನೇ ಮಾಡಿತ್ತು. ಮೇಲಾಗಿ, ಸೋಲುವವರ ಕೈಯಲ್ಲೂ ಒಂದು ಅಧಿಕಾರ ಉಳಿಯುವುದರಿಂದಲೇ ಮುಂದಿರುವವರು ಮೊದಲಿನಿಂದ ಎಲ್ಲರೊಡನೆ ಮರ್ಯಾದೆಯಿಂದ ವ್ಯವಹರಿಸುತ್ತಾರೆ. ಕೆಂಪಿನವನು ಆ ಅಡ್ಡ ಊರು ಕಟ್ಟುವಾಗ ಕಿತ್ತಳೆಯವಳು ಮುಂದೊಂದು ದಿನ ಕಳ್ಳನನ್ನು ಹಿಡಿದು ಕೂತಾಳು ಎಂದು ಯೋಚಿಸಬೇಕಿತ್ತು. ಯೋಚಿಸದ್ದು ಅವನ ಆಟದ ಕೊರತೆಯೇ ಹೊರತು ನಿಯಮದ್ದಲ್ಲ.

ಮಾತು ಆಕರ್ಷಕವಾಗಿದೆ, ಬಹುಮಟ್ಟಿಗೆ ಸರಿಯೂ ಇದೆ. ಆದರೆ ಅದು ಒಂದು ಷರತ್ತನ್ನು ಬೇಡುತ್ತದೆ: ಕೂತವರೆಲ್ಲರೂ ತಾವು ಸಂಧಾನದ ಆಟಕ್ಕೇ ಕೂತಿದ್ದೇವೆಂದು ಮೊದಲೇ ತಿಳಿದಿರಬೇಕು. ಮಾತು ಕೊಡುವುದು, ಮುರಿಯುವುದು, ಸೇಡು ಇಟ್ಟುಕೊಳ್ಳುವುದು ಆಟದ ಮೈಯೇ ಆಗಿರುವಲ್ಲಿ ಈ ವಾದ ನಿಲ್ಲುತ್ತದೆ. ಕಲ್ಲಿದ್ದಲ ಬೆಲೆ ಲೆಕ್ಕ ಹಾಕಲು ಕೂತವರಿಗೆ ಕೊನೆಯ ಗಳಿಗೆಯಲ್ಲಿ ‘ನೀವು ಸಂಬಂಧಗಳನ್ನೂ ಲೆಕ್ಕ ಹಾಕಬೇಕಿತ್ತು’ ಎಂದರೆ, ಅದು ಆಟ ಮುಗಿದ ಮೇಲೆ ನಿಯಮ ಓದಿ ಹೇಳಿದಂತಾಗುತ್ತದೆ.

ಈ ವಾದಗಳನ್ನೆಲ್ಲ ಎದುರುಬದುರು ಇಟ್ಟು ನೋಡಿದಾಗ ಯಾವ ಒಂದು ಕಡೆಗೂ ಪೂರ್ತಿ ತೀರ್ಪು ಕೊಡುವುದು ಕಷ್ಟ. ಆದರೂ ಎಚ್ಚರದಿಂದ ಒಂದು ನಡುದಾರಿಯತ್ತ ವಾಲಬಹುದು ಎನಿಸುತ್ತದೆ. ಎರಡೂ ಕಡಿವಾಣಗಳು ಬೇಕು, ಆದರೆ ಆಟದ ಬೇರೆ ಬೇರೆ ಹೊತ್ತಿನಲ್ಲಿ. ಮುಂದಾಳು ಕೈತಪ್ಪುವುದು ಆರಂಭ ಮತ್ತು ನಡುವಿನ ಹಂತದಲ್ಲಿ. ಅಲ್ಲಿ ಆದಾಯದ ಪಟ್ಟಿ ಬಾಗುವಂಥ, ಯಾರ ಕೈಯೂ ತಾಗದ ನಿಯಮಗಳು ಹೆಚ್ಚು ಒಪ್ಪುತ್ತವೆ. ಆದರೆ ಅವು ಹಗುರವಾಗಿರಬೇಕು. ಹಿಂದೆ ಉಳಿಯುವುದು ಲಾಭವಾಗುವಷ್ಟು ಅಲ್ಲ, ಮುಂದೆ ಹೋಗುವುದು ಸ್ವಲ್ಪ ದುಬಾರಿ ಆಗುವಷ್ಟು ಮಾತ್ರ. ಕಟಾನ್‌ನದೇ ಒಂದು ಪರ್ಯಾಯ ನಿಯಮದಲ್ಲಿ, ಎರಡೇ ಅಂಕ ಇರುವವರ ಜಾಗಕ್ಕೆ ಕಳ್ಳನನ್ನು ಕಳಿಸುವಂತಿಲ್ಲ. ಬಡವರನ್ನು ಆರಂಭದಲ್ಲೇ ಮುಗಿಸದ ಈ ಬಗೆಯ ಸಣ್ಣ ರಕ್ಷಣೆ ಯಾರ ಜಾಣ್ಮೆಯನ್ನೂ ಕಸಿಯುವುದಿಲ್ಲ. ಮಾತಿನ, ವಿನಿಮಯದ, ಕಳ್ಳನ ರಾಜಕೀಯ ನಡುವಿನ ಹಂತದಲ್ಲಿ ಮುಕ್ತವಾಗಿರಲಿ, ಏಕೆಂದರೆ ಆಗ ಪೆಟ್ಟು ತಿಂದವರಿಗೆ ಚೇತರಿಸಿಕೊಳ್ಳಲು ಸಮಯವಿರುತ್ತದೆ. ಕೊನೆಯ ಹಂತದಲ್ಲಿ ಮಾತ್ರ ಅದನ್ನು ಕಿರಿದುಗೊಳಿಸುವುದು ಲೇಸು.

ಕಿರಿದುಗೊಳಿಸುವ ದಾರಿ ಹೊಸ ನಿಯಮವೇ ಆಗಬೇಕೆಂದಿಲ್ಲ. ಆಟ ಶುರುವಾಗುವ ಮೊದಲು ಒಂದು ಒಪ್ಪಂದ ಸಾಕಾಗಬಹುದು: ಮೊದಲ ಸ್ಥಾನ ಸಿಗದಿದ್ದರೆ ಎರಡನೆಯದಕ್ಕೆ, ಅದೂ ಇಲ್ಲದಿದ್ದರೆ ಮೂರನೆಯದಕ್ಕೆ ಆಡುವುದು. ಕಿತ್ತಳೆಯವಳ ಕೈಗೆ ಈ ಅಳತೆಗೋಲನ್ನು ಕೊಟ್ಟು ಮತ್ತೆ ಆ ಮೇಜನ್ನು ನೋಡಿ. ಅವಳು ನೀಲಿಯವಳಿಂದಲೋ ಬಿಳಿಯವನಿಂದಲೋ ಕಾರ್ಡು ಎಳೆದರೆ ಕೆಂಪಿನವನು ಕೂಡಲೇ ಗೆಲ್ಲುತ್ತಾನೆ. ಬಿಳಿಯವನು ಆರರಲ್ಲಿ ನಿಲ್ಲುತ್ತಾನೆ, ನಾಲ್ಕರ ಅವಳು ಕೊನೆಯವಳು. ಕೆಂಪಿನವನಿಂದ ಎಳೆದರೆ ಆಟ ಮುಂದುವರಿಯುವ ಅವಕಾಶವಿದೆ. ನೀಲಿಯವಳು ರಸ್ತೆ ಹಾಕಿ ಗೆದ್ದರೂ ಉದ್ದದ ರಸ್ತೆಯ ಎರಡು ಅಂಕ ಕಳೆದುಕೊಂಡು ಬಿಳಿಯವನು ನಾಲ್ಕಕ್ಕೆ ಇಳಿಯುತ್ತಾನೆ. ಅವಳು ಅವನೊಡನೆ ಮೂರನೆಯ ಸ್ಥಾನ ಹಂಚಿಕೊಳ್ಳುತ್ತಾಳೆ. ಇಷ್ಟು ಹೊತ್ತು ಕುರುಡಾಗಿ ಕಂಡ ಆಯ್ಕೆಗೆ ಈಗ ಒಂದು ಕಾರಣವಿದೆ, ಮತ್ತು ಆ ಕಾರಣ ಮೇಜಿನ ಮೇಲೇ ಇದೆ.

ಈ ಒಪ್ಪಂದ ಎಲ್ಲವನ್ನೂ ಬಗೆಹರಿಸುವುದಿಲ್ಲ. ಬಿಳಿಯವನಿಗೆ ಏಳು ಅಂಕವಿದ್ದಿದ್ದರೆ ರಸ್ತೆ ಕಳೆದರೂ ಐದು ಉಳಿದು, ಅವಳ ಸ್ಥಾನ ಬದಲಾಗುತ್ತಿರಲಿಲ್ಲ, ಅಳತೆಗೋಲು ಮೌನವಾಗುತ್ತಿತ್ತು. ಗೆಲುವು ಬಿಟ್ಟು ಉಳಿದದ್ದೆಲ್ಲ ಒಂದೇ ಎಂದು ನಂಬುವವರಿಗೆ ಮೂರನೆಯ ಸ್ಥಾನದ ಆಸೆ ಹಾಸ್ಯಾಸ್ಪದವಾಗಿಯೂ ಕಂಡೀತು. ಆದರೂ ಕೆಂಪಿನವನು ಸೋತು ಎದ್ದುಹೋಗುವಾಗ ‘ಯಾಕೆ ನನ್ನ ಮೇಲೆ?’ ಎಂದು ಕೇಳಿದರೆ, ಕಿತ್ತಳೆಯವಳು ಬಿಳಿಯವನ ರಸ್ತೆಯ ಮೇಲೆ ಬೆರಳಿಟ್ಟು ತೋರಿಸಬಲ್ಲಳು.